ನೆಲಕ್ಕೆ ಬಿದ್ದ ತಂತಿ ಮತ್ತು ಮೂರು ಸೀಕ್ವೆನ್ಸ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ರಿಲೇ ಟೆಸ್ಟಿಂಗ್ ಕೆಲಸ ಮಾಡುವವನಾದ್ದರಿಂದ ಈ ವಿಷಯದ ಪ್ರಶ್ನೆಗಳು ಮೂರು ಕಡೆಯಿಂದ ಬರುತ್ತವೆ. ಪರೀಕ್ಷೆಗೆ ಓದುವ ಹುಡುಗರು ಸೂತ್ರ ಕೇಳುತ್ತಾರೆ. ಸ್ಟೇಷನ್ ಆಪರೇಟರ್‌ಗಳು ರಿಲೇ ತೋರಿಸುವ ಅಂಕಿ ಹಿಡಿದು ಬರುತ್ತಾರೆ. ಲೈನ್‌ಮನ್‌ಗಳು ತಂತಿ ಬಿದ್ದ ಜಾಗದ ಫೋಟೋ ಕಳಿಸುತ್ತಾರೆ. ಎಲ್ಲವನ್ನೂ ಒಂದೇ 11 ಕೆವಿ ಫೀಡರ್‌ಗೆ ಕಟ್ಟಿ ಉತ್ತರಿಸಿದ್ದೇನೆ. ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು, ಆದರೆ ನಮ್ಮ ಕಡೆಯ ಫೀಡರ್‌ಗಳಿಗೆ ಹತ್ತಿರದವೇ.

## ಶುರುವಿಗೆ

ಮೂರು ಫೇಸ್ ಇದೆ, ಮೂರು ಸಮೀಕರಣ ಬರೆದು ಬಿಡಿಸಿದರೆ ಆಯ್ತಲ್ವಾ? ಈ ಪಾಸಿಟಿವ್, ನೆಗೆಟಿವ್, ಝೀರೋ ಅಂತ ಇನ್ನೊಂದು ಮೂರು ಯಾಕೆ?

ಬಿಡಿಸಬಹುದು, ಆದರೆ ಆ ಮೂರು ಸಮೀಕರಣಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಆರ್ ಫೇಸ್‌ನಲ್ಲಿ ಹರಿಯುವ ಕರೆಂಟ್ ಪಕ್ಕದ ವೈ, ಬಿ ತಂತಿಗಳಲ್ಲೂ ವೋಲ್ಟೇಜ್ ಹುಟ್ಟಿಸುತ್ತದೆ. ನೆಲದ ಮೂಲಕ ವಾಪಸ್ ಬರುವ ಕರೆಂಟ್ ಮೂರಕ್ಕೂ ಸೇರಿದ್ದು. ಜನರೇಟರ್, ಟ್ರಾನ್ಸ್‌ಫಾರ್ಮರ್, ಲೈನ್ ಎಲ್ಲ ಸೇರಿದ ಮೇಲೆ ಒಂದನ್ನು ಬಿಡಿಸಲು ಹೋದರೆ ಉಳಿದೆರಡೂ ಕೈಗೆ ಸುತ್ತಿಕೊಳ್ಳುತ್ತವೆ.

ಲೋಡ್ ಮೂರೂ ಫೇಸ್‌ನಲ್ಲಿ ಸಮ ಇದ್ದಾಗ ಈ ತೊಂದರೆ ಇಲ್ಲ. ಒಂದು ಫೇಸ್‌ಗೆ ಲೆಕ್ಕ ಮಾಡಿ, ಉಳಿದೆರಡನ್ನು 120 ಡಿಗ್ರಿ ತಿರುಗಿಸಿದರೆ ಮುಗಿಯಿತು. ಒಂದು ಫೇಸ್ ಮಾತ್ರ ನೆಲಕ್ಕೆ ತಾಗಿದಾಗ ಆ ಸಲೀಸು ಹೋಗುತ್ತದೆ. ಅದನ್ನು ವಾಪಸ್ ತರುವ ದಾರಿಯನ್ನು 1918ರ ಜೂನ್‌ನಲ್ಲಿ ಚಾರ್ಲ್ಸ್ ಫೋರ್ಟೆಸ್ಕ್ಯೂ ಅಮೆರಿಕದ ಎಂಜಿನಿಯರುಗಳ ಸಭೆಯೊಂದರಲ್ಲಿ ಮಂಡಿಸಿದರು. ಯಾವ ಥರ ಓರೆಯಾದ ಮೂರು ಕರೆಂಟ್‌ಗಳನ್ನು ಕೊಟ್ಟರೂ ಅವನ್ನು ಮೂರು ನೇರವಾದ ಗುಂಪುಗಳಾಗಿ ಬೇರ್ಪಡಿಸಬಹುದು ಅಂತ ಅವರು ತೋರಿಸಿದರು. ಮೊದಲ ಗುಂಪು ಆರ್, ವೈ, ಬಿ ಕ್ರಮದಲ್ಲಿ ತಿರುಗುತ್ತದೆ. ಎರಡನೆಯದು ಆರ್, ಬಿ, ವೈ ಅಂತ ಉಲ್ಟಾ ಕ್ರಮದಲ್ಲಿ. ಮೂರನೆಯದರಲ್ಲಿ ಮೂರೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಲೈನ್, ಟ್ರಾನ್ಸ್‌ಫಾರ್ಮರ್ ಮೂರೂ ಫೇಸ್‌ಗೆ ಸಮ ಇದ್ದರೆ ಈ ಗುಂಪುಗಳು ಒಂದನ್ನೊಂದು ಮುಟ್ಟುವುದಿಲ್ಲ. ಫಾಲ್ಟ್ ಆದ ಬಿಂದುವಿನಲ್ಲಿ ಮಾತ್ರ ಸೇರುತ್ತವೆ. ಈ ವಿಧಾನದ ಲಾಭವೆಲ್ಲ ಇಷ್ಟರಲ್ಲೇ ಇದೆ.

ಇಲ್ಲೊಂದು ತಮಾಷೆ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಬಂದದ್ದು 1902ರಲ್ಲಿ. ಅಂದರೆ ನಮ್ಮ ಸೀಮೆಯ ದೊಡ್ಡ ಲೈನು ಈ ಲೆಕ್ಕಕ್ಕಿಂತ 16 ವರ್ಷ ಹಳೆಯದು.

ಈ ಮೂರು ನಿಜವಾಗಿ ತಂತಿಯಲ್ಲಿ ಹರಿಯುತ್ತವಾ, ಇಲ್ಲಾ ಸುಮ್ನೆ ಪೇಪರ್ ಮೇಲಿನ ಲೆಕ್ಕನಾ?

ತಂತಿಯಲ್ಲಿ ಹರಿಯುವುದು ಒಂದೇ ಕರೆಂಟ್. ಅದನ್ನು ಮೂರಾಗಿ ನೋಡುವುದು ನಾವು. ಹಾಗಂತ ಬರೀ ಕಲ್ಪನೆ ಅನ್ನುವಂತಿಲ್ಲ, ಯಾಕೆಂದರೆ ಉಪಕರಣಗಳು ಒಂದೊಂದಕ್ಕೆ ಬೇರೆ ಬೇರೆ ಥರ ಸ್ಪಂದಿಸುತ್ತವೆ.

ಸ್ಟೇಷನ್‌ನಲ್ಲಿ ಟ್ರಾನ್ಸ್‌ಫಾರ್ಮರ್‌ನ ನ್ಯೂಟ್ರಲ್ ಪಟ್ಟಿಗೆ ಒಂದು ಸಿಟಿ, ಅಂದರೆ ಕರೆಂಟ್ ಅಳೆಯುವ ಟ್ರಾನ್ಸ್‌ಫಾರ್ಮರ್, ಹಾಕಿ ನೋಡಿ. ಅದರಲ್ಲಿ ಕಾಣುವುದು ಝೀರೋ ಸೀಕ್ವೆನ್ಸ್‌ನ ಮೂರು ಪಟ್ಟು, ಬೇರೆ ಏನೂ ಇಲ್ಲ. ನೆಗೆಟಿವ್ ಸೀಕ್ವೆನ್ಸ್ ಬೇಕಾದರೆ ಓಡುತ್ತಿರುವ ಬೋರ್‌ವೆಲ್ ಮೋಟರ್ ನೋಡಿ. ಅದು ಮೋಟರ್ ಒಳಗೆ ಹಿಂದಕ್ಕೆ ತಿರುಗುವ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಮುಂದಕ್ಕೆ ಓಡುವ ರೋಟರ್‌ಗೆ ಅದು ಸುಮಾರು ಎರಡು ಪಟ್ಟು ವೇಗದಲ್ಲಿ ಎದುರು ಬಂದ ಹಾಗೆ. ಆದ್ದರಿಂದ ಮೋಟರ್ ಅದಕ್ಕೆ ಒಡ್ಡುವ ಇಂಪೀಡೆನ್ಸ್ ಬಹಳ ಕಮ್ಮಿ, ಹೆಚ್ಚುಕಮ್ಮಿ ಸ್ಟಾರ್ಟ್ ಮಾಡುವಾಗ ಇರುವಷ್ಟೇ. ಸ್ಟಾರ್ಟಿಂಗ್ ಕರೆಂಟ್ ಆರು ಪಟ್ಟು ಇರುವ ಮೋಟರ್‌ಗೆ 5% ನೆಗೆಟಿವ್ ಸೀಕ್ವೆನ್ಸ್ ವೋಲ್ಟೇಜ್ ಬಿದ್ದರೆ ಸುಮಾರು 30% ನೆಗೆಟಿವ್ ಸೀಕ್ವೆನ್ಸ್ ಕರೆಂಟ್ ಹರಿಯುತ್ತದೆ. ವೈಂಡಿಂಗ್ ಸುಟ್ಟ ವಾಸನೆಗೆ ಪೇಪರ್ ಮೇಲಿನ ಲೆಕ್ಕ ಅನ್ನಲಾಗದು.

a, a² ಅಂತ ಬರೀತಾರಲ್ಲ, ಅದನ್ನ ಅಂಕಿ ಹಾಕಿ ಒಂದು ಸಲ ತೋರಿಸಿ.

a ಅಂದರೆ 120 ಡಿಗ್ರಿ ತಿರುಗಿಸುವ ಗುಣಕ. a² ಅಂದರೆ 240 ಡಿಗ್ರಿ. ಅಳತೆ ಬದಲಾಗುವುದಿಲ್ಲ, ದಿಕ್ಕು ಮಾತ್ರ.

```
I0 = (Ir +    Iy +    Ib) / 3
I1 = (Ir + a ·Iy + a²·Ib) / 3
I2 = (Ir + a²·Iy + a ·Ib) / 3
```

ಆರ್ ಫೇಸ್‌ನಲ್ಲಿ 594 ಆಂಪ್ಸ್, ವೈ ಮತ್ತು ಬಿ ಎರಡರಲ್ಲೂ ಸೊನ್ನೆ ಅಂತ ಇಟ್ಟುಕೊಳ್ಳಿ. ಮೂರು ಸಾಲಿನಲ್ಲೂ Iy, Ib ಇರುವ ಪದಗಳು ಉದುರಿಹೋಗುತ್ತವೆ. ಉಳಿಯುವುದು 594ನ್ನು ಮೂರರಿಂದ ಭಾಗಿಸಿದ್ದು, ಅಂದರೆ I0, I1, I2 ಮೂರೂ 198.

ಈಗ ವಾಪಸ್ ಕೂಡಿಸಿ. ಆರ್ ಫೇಸ್‌ನಲ್ಲಿ 198, 198, 198 ಮೂರೂ ಒಂದೇ ದಿಕ್ಕಿಗಿವೆ, ಮೊತ್ತ 594. ವೈ ಫೇಸ್‌ನಲ್ಲಿ ಅದೇ ಮೂರು 198ಗಳು 0, 240, 120 ಡಿಗ್ರಿಗೆ ನಿಲ್ಲುತ್ತವೆ. ಸುತ್ತ ಸಮವಾಗಿ ಹರಡಿದ ಮೂರು ಕೂಡಿದರೆ ಸೊನ್ನೆ. ಬಿ ಫೇಸ್‌ನಲ್ಲೂ ಹಾಗೇ. ವೈ ತಂತಿಯಲ್ಲಿ ಕರೆಂಟೇ ಇಲ್ಲ, ಆದರೂ ಅದರಲ್ಲಿ ಮೂರು ಸೀಕ್ವೆನ್ಸ್ ಇದೆ ಅಂದಾಗ ಹುಡುಗರು ಗಲಿಬಿಲಿ ಆಗುತ್ತಾರೆ. ಇವೆ, ಒಂದನ್ನೊಂದು ಪೂರ್ತಿ ಕಳೆದುಕೊಂಡಿವೆ, ಅಷ್ಟೇ.

## ಲೆಕ್ಕಕ್ಕೆ ಕೂತವರಿಗೆ

ನಮ್ಮ ಕಡೆಯ ಒಂದು ಫೀಡರ್ ಹಿಡಿದು, ಸ್ಟೇಷನ್‌ನಿಂದ ಫಾಲ್ಟ್‌ವರೆಗೆ ಪೂರ್ತಿ ಮಾಡಿ ತೋರಿಸ್ತೀರಾ?

ಶಿರಾ ಕಡೆಯ ಒಂದು ಐಪಿ ಸೆಟ್ ಫೀಡರ್ ಅಂದುಕೊಳ್ಳಿ. 66/11 ಕೆವಿ ಸ್ಟೇಷನ್‌ನಲ್ಲಿ 12.5 ಎಂವಿಎ ಟ್ರಾನ್ಸ್‌ಫಾರ್ಮರ್, ಇಂಪೀಡೆನ್ಸ್ 10%. 66 ಕೆವಿ ಕಡೆ ಡೆಲ್ಟಾ, 11 ಕೆವಿ ಕಡೆ ಸ್ಟಾರ್, ನ್ಯೂಟ್ರಲ್ ನೇರ ಅರ್ತ್. 66 ಕೆವಿ ಬಸ್‌ನ ಫಾಲ್ಟ್ ಲೆವೆಲ್ 500 ಎಂವಿಎ. ಅಲ್ಲಿಂದ 10 ಕಿ.ಮೀ. ದೂರದಲ್ಲಿ ರ‍್ಯಾಬಿಟ್ ಕಂಡಕ್ಟರ್‌ನ ಆರ್ ಫೇಸ್ ಕಬ್ಬಿಣದ ಕ್ರಾಸ್ ಆರ್ಮ್‌ಗೆ ತಾಗಿ ಗಟ್ಟಿ ಅರ್ತ್ ಆಗಿದೆ. ಎಲ್ಲವನ್ನೂ 11 ಕೆವಿ ಕಡೆಯ ಓಮ್‌ನಲ್ಲೇ ಮಾಡೋಣ, ಪರ್ ಯೂನಿಟ್ ಬೇಡ.

11ರ ವರ್ಗ 121. ಸೋರ್ಸ್ ಇಂಪೀಡೆನ್ಸ್ 121ನ್ನು 500ರಿಂದ ಭಾಗಿಸಿದರೆ 0.242 ಓಮ್. ಟ್ರಾನ್ಸ್‌ಫಾರ್ಮರ್‌ನದು 0.10 × 121 / 12.5, ಅಂದರೆ 0.968 ಓಮ್. ಎರಡೂ ಸೇರಿ 1.21 ಓಮ್, ಪೂರ್ತಿ ರಿಯಾಕ್ಟೆನ್ಸ್ ಅಂತಲೇ ಇಟ್ಟುಕೊಳ್ಳೋಣ.

ಲೈನ್‌ಗೆ ಪಾಸಿಟಿವ್ ಸೀಕ್ವೆನ್ಸ್ ಪ್ರತಿ ಕಿ.ಮೀ.ಗೆ ಸುಮಾರು 0.55 + j0.36 ಓಮ್. ನೆಗೆಟಿವ್‌ಗೂ ಅದೇ, ಯಾಕೆಂದರೆ ಯಾವ ಫೇಸ್ ಮೊದಲು, ಯಾವುದು ಆಮೇಲೆ ಅನ್ನುವುದು ನಿಂತ ತಂತಿಗೆ ಗೊತ್ತಾಗುವುದಿಲ್ಲ. ಝೀರೋ ಸೀಕ್ವೆನ್ಸ್ ಮಾತ್ರ ಬೇರೆ, ಸುಮಾರು 0.70 + j1.60. ಅದರ ಕಥೆ ಮುಂದೆ ಬರುತ್ತದೆ.

10 ಕಿ.ಮೀ.ಗೆ ಕೂಡಿಸಿದರೆ Z1 ಮತ್ತು Z2 ಎರಡೂ 5.5 + j4.81. Z0ಗೆ ಸೋರ್ಸ್‌ನ 0.242 ಸೇರಿಸಬೇಡಿ. ಡೆಲ್ಟಾ ವೈಂಡಿಂಗ್ ದಾಟಿ ಝೀರೋ ಸೀಕ್ವೆನ್ಸ್ ಆಚೆ ಹೋಗದು, ಟ್ರಾನ್ಸ್‌ಫಾರ್ಮರ್‌ಗೇ ನಿಲ್ಲುತ್ತದೆ. ಹಾಗಾಗಿ Z0 = 7.0 + j16.97. ಪರೀಕ್ಷೆಯಲ್ಲಿ ಜಾಸ್ತಿ ಅಂಕ ಹೋಗುವುದು ಈ ಒಂದು ಹೆಜ್ಜೆಯಲ್ಲೇ.

ಫೇಸ್ ವೋಲ್ಟೇಜ್ 6351. ಮೂರು ಇಂಪೀಡೆನ್ಸ್ ಒಂದರ ಹಿಂದೊಂದು ಸೇರಿ 18.0 + j26.59, ಅಳತೆ 32.1 ಓಮ್. ಪ್ರತಿ ಸೀಕ್ವೆನ್ಸ್‌ನಲ್ಲೂ 6351 / 32.1, ಅಂದರೆ 198 ಆಂಪ್ಸ್. ಫಾಲ್ಟ್ ಕರೆಂಟ್ ಅದರ ಮೂರು ಪಟ್ಟು, ಸುಮಾರು 593. ಮೇಲೆ 594 ಅಂತ ಇಟ್ಟುಕೊಂಡದ್ದು ಭಾಗಾಕಾರ ಸರಿಯಾಗಿ ಬರಲಿ ಅಂತ.

ಲ್ಯಾಪ್‌ಟಾಪ್ ಇದ್ದವರು ಹೀಗೆ ತಾಳೆ ನೋಡಬಹುದು:

```python
E  = 11000 / 3**0.5
Z1 = 5.5 + 4.81j
Z0 = 7.0 + 16.97j
Rf = 0
I0 = E / (2*Z1 + Z0 + 3*Rf)
print(abs(3*I0))
```

`Rf` ಅಂದರೆ ತಂತಿ ನೆಲಕ್ಕೆ ತಾಗುವ ಜಾಗದ ರೆಸಿಸ್ಟೆನ್ಸ್, ಅಲ್ಲಿ ಬೇರೆ ಬೇರೆ ಅಂಕಿ ಹಾಕಿ ನೋಡಿ. ಮುಂದಿನ ಒಂದು ಪ್ರಶ್ನೆಗೆ ಅದೇ ಬೇಕು.

ಮೂರನ್ನೂ ಸೀರೀಸ್‌ನಲ್ಲಿ ಸೇರಿಸಿದ್ದು ಯಾಕೆ? ಪ್ಯಾರಲಲ್ ಯಾವಾಗ?

ಫಾಲ್ಟ್ ಆದ ಜಾಗದಲ್ಲಿ ಏನು ಖಾತ್ರಿ ಅಂತ ನೋಡಿ. ವೈ, ಬಿ ತಂತಿಗಳಿಂದ ನೆಲಕ್ಕೆ ಏನೂ ಹೋಗುತ್ತಿಲ್ಲ. ಅದರಿಂದ I0, I1, I2 ಮೂರೂ ಒಂದೇ ಅಂತ ಮೇಲೆ ಕಂಡೆವು. ಒಂದೇ ಕರೆಂಟ್ ಮೂರು ಸರ್ಕ್ಯೂಟ್‌ನಲ್ಲೂ ಹರಿಯಬೇಕಾದರೆ ಅವು ಸೀರೀಸ್‌ನಲ್ಲೇ ಇರಬೇಕು. ಜೊತೆಗೆ ಆರ್ ಫೇಸ್‌ನ ವೋಲ್ಟೇಜ್ ಅಲ್ಲಿ ಸೊನ್ನೆ, ಅಂದರೆ V0, V1, V2 ಕೂಡಿದರೆ ಸೊನ್ನೆ. ಸೀರೀಸ್ ಸುತ್ತು ಮುಚ್ಚಿಕೊಂಡಿತು.

ಗಾಳಿಗೆ ವೈ, ಬಿ ತಂತಿಗಳು ಒಂದಕ್ಕೊಂದು ಬಡಿದರೆ ಕಥೆ ಬೇರೆ. ನೆಲಕ್ಕೆ ಏನೂ ಹೋಗದಿದ್ದರಿಂದ ಝೀರೋ ಸೀಕ್ವೆನ್ಸ್ ಆಟದಲ್ಲೇ ಇಲ್ಲ. ಪಾಸಿಟಿವ್, ನೆಗೆಟಿವ್ ಎರಡೇ ಎದುರುಬದುರು ಪ್ಯಾರಲಲ್ ಆಗುತ್ತವೆ. ನಮ್ಮ ಫೀಡರ್‌ನಲ್ಲಿ ಅದೇ 10 ಕಿ.ಮೀ.ಗೆ ಮೂರು ಫೇಸ್ ಫಾಲ್ಟ್ 869 ಆಂಪ್ಸ್, ಎರಡು ಫೇಸ್ ಬಡಿದರೆ ಅದರ 0.866 ಪಟ್ಟು, ಅಂದರೆ 753.

ಪುಸ್ತಕದಲ್ಲಿ ಮೂರು ಫೇಸ್ ಫಾಲ್ಟೇ ಜಾಸ್ತಿ ಅಂತಾರೆ. ನಮ್ಮ ಸ್ಟೇಷನ್ ಲೆಕ್ಕದಲ್ಲಿ ಒಂದು ಫೇಸ್ ಅರ್ತ್ ಆದದ್ದೇ ಜಾಸ್ತಿ ಬಂದಿದೆ. ಯಾವುದು ಸರಿ?

ಎರಡೂ ಸರಿ, ಜಾಗ ಬೇರೆ. ಇದೇ ಸ್ಟೇಷನ್‌ನ 11 ಕೆವಿ ಬಸ್‌ನಲ್ಲಿ ಮೂರು ಫೇಸ್ ಫಾಲ್ಟ್ ಆದರೆ 6351 / 1.21, ಅಂದರೆ 5249 ಆಂಪ್ಸ್. ಒಂದು ಫೇಸ್ ಅರ್ತ್ ಆದರೆ 3 × 6351ನ್ನು 1.21, 1.21, 0.968 ಕೂಡಿದ್ದರಿಂದ ಭಾಗಿಸಬೇಕು. ಸುಮಾರು 5624 ಬರುತ್ತದೆ. ಡೆಲ್ಟಾ ದೆಸೆಯಿಂದ Z0ಗೆ ಸೋರ್ಸ್ ಸೇರುವುದಿಲ್ಲ, ಅದಕ್ಕೇ Z0 ಇಲ್ಲಿ Z1ಗಿಂತ ಕಮ್ಮಿ.

ಲೈನ್ ಉದ್ದಕ್ಕೂ ಹೋದಂತೆ Z0 ಬೇಗ ಬೇಗ ಬೆಳೆಯುತ್ತದೆ. 10 ಕಿ.ಮೀ.ಗೆ ಹೋಗುವಷ್ಟರಲ್ಲಿ 593 ಮತ್ತು 869, ಲೆಕ್ಕ ತಿರುಗಿಬಿದ್ದಿದೆ. ಬ್ರೇಕರ್ ಆರಿಸುವವರು ಬಸ್‌ನ ಅಂಕಿ ನೋಡಬೇಕು. ರಿಲೇ ಸೆಟ್ ಮಾಡುವವರು ಲೈನ್ ಕೊನೆಯ ಅಂಕಿ ನೋಡಬೇಕು.

ನಮ್ಮದು ಕಲ್ಲುಭೂಮಿ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತೆ. ಹಾಗಾದರೆ Z0 ಎಷ್ಟೋ ಪಟ್ಟು ಜಾಸ್ತಿ ಆಗಬೇಕಲ್ವಾ?

ಹಾಗಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಆಗುವುದಿಲ್ಲ. ಝೀರೋ ಸೀಕ್ವೆನ್ಸ್‌ನಲ್ಲಿ ಮೂರು ತಂತಿಯ ಕರೆಂಟ್ ಒಂದೇ ದಿಕ್ಕಿಗೆ ಹೋಗಿ ನೆಲದ ಮೂಲಕ ವಾಪಸ್ ಬರುತ್ತದೆ. ಆ ವಾಪಸ್ ಹಾದಿ ಮೇಲ್ಮಣ್ಣಿನಲ್ಲಿಲ್ಲ, ಬಹಳ ಆಳಕ್ಕೆ ಹರಡಿಕೊಂಡಿರುತ್ತದೆ. ಲೆಕ್ಕಕ್ಕೆ ಅದನ್ನು ಆಳದಲ್ಲಿರುವ ಒಂದೇ ತಂತಿ ಅಂತ ಭಾವಿಸುತ್ತಾರೆ.

```
De = 658 · √(ρ / f)   ಮೀಟರ್
```

ಮಣ್ಣಿನ ρ 100 ಓಮ್-ಮೀಟರ್, f 50 ಹರ್ಟ್ಸ್ ಆದರೆ De ಸುಮಾರು 930 ಮೀಟರ್. ಮೂರು ತಂತಿಯ ಕಾಂತಕ್ಷೇತ್ರ ಒಂದಕ್ಕೊಂದು ಕೂಡಿಕೊಳ್ಳುವುದು, ವಾಪಸ್ ಹಾದಿ ಅಷ್ಟು ದೂರ ಇರುವುದು, ಈ ಎರಡರಿಂದಲೇ ರಿಯಾಕ್ಟೆನ್ಸ್ 0.36 ಇದ್ದದ್ದು 1.6ಕ್ಕೆ ಏರಿದ್ದು. ಈಗ ρ ಹತ್ತು ಪಟ್ಟು ಮಾಡಿ 1000 ಇಡಿ. De ಸುಮಾರು 2940 ಮೀಟರ್ ಆಗುತ್ತದೆ, ಆದರೆ ರಿಯಾಕ್ಟೆನ್ಸ್‌ಗೆ ಹೋಗುವುದು ಅದರ ಲಾಗರಿದಮ್. 1.6 ಇದ್ದದ್ದು 1.82ರ ಹತ್ತಿರ ಹೋಗುತ್ತದೆ, ಅಷ್ಟೇ. ನೆಲದ ಪಾಲಿನ ರೆಸಿಸ್ಟೆನ್ಸ್, ಕಿ.ಮೀ.ಗೆ ಸುಮಾರು 0.15 ಓಮ್, ρ ಬದಲಾದರೂ ಹೆಚ್ಚುಕಮ್ಮಿ ಹಾಗೇ ಇರುತ್ತದೆ.

ಒಣ ನೆಲ ನಮಗೆ ಕಾಟ ಕೊಡುವುದು ಲೈನ್‌ನ Z0ನಲ್ಲಿ ಅಲ್ಲ. ತಂತಿ ಮತ್ತು ಮಣ್ಣು ಮುಟ್ಟುವ ಆ ಒಂದು ಜಾಗದಲ್ಲಿ.

ಆರ್ ಫೇಸ್ ಅರ್ತ್ ಆದರೆ ಬೇರೆ ಫೇಸ್‌ನ ಲೈಟ್ನಿಂಗ್ ಅರೆಸ್ಟರ್‌ಗೆ ಯಾಕೆ ತೊಂದರೆ?

ಉಳಿದ ಫೇಸ್‌ಗಳ ವೋಲ್ಟೇಜ್ ನೆಲಕ್ಕೆ ಹೋಲಿಸಿದರೆ ಏರುತ್ತದೆ. ಎಷ್ಟು ಅನ್ನುವುದು Z0, Z1ಗಿಂತ ಎಷ್ಟು ದೊಡ್ಡದು ಅನ್ನುವುದರ ಮೇಲೆ.

```
Vy = E · [ a² − (Z0 − Z1) / (Z0 + 2·Z1) ]
```

ನಮ್ಮ ಫೀಡರ್‌ನ ಅಂಕಿ ಹಾಕಿದರೆ ಫಾಲ್ಟ್ ಜಾಗದಲ್ಲಿ ವೈ ಫೇಸ್ 6.35 ಕೆವಿ ಇದ್ದದ್ದು 8.5 ಕೆವಿ ಆಗುತ್ತದೆ. ಬಿ ಫೇಸ್ 6.9 ಆಗುತ್ತದೆ. 11 ಕೆವಿ ಲೈನ್‌ಗೆ ಹಾಕುವ ಅರೆಸ್ಟರ್ ಸಾಮಾನ್ಯವಾಗಿ 9 ಕೆವಿ ರೇಟಿಂಗ್. ಇನ್ನೂ ಒಳಗೇ ಇದೆ, ಆದರೆ ಅಂಚು ದೂರವಿಲ್ಲ. ಎಲ್ಲೋ ನ್ಯೂಟ್ರಲ್ ಅರ್ತ್ ಪಟ್ಟಿ ತುಕ್ಕು ಹಿಡಿದು ಕಡಿದಿದ್ದರೆ Z0 ಅಪಾರವಾಗುತ್ತದೆ, ಆಗ ಅದೇ ಫೇಸ್ 11 ಕೆವಿಗೆ ಏರುತ್ತದೆ. ಒಂದು ಫೇಸ್ ಬಿದ್ದಾಗಲೆಲ್ಲ ಬೇರೆ ಫೇಸ್‌ನ ಅರೆಸ್ಟರ್ ಸಿಡಿಯುತ್ತಿದ್ದರೆ ಮೊದಲು ನ್ಯೂಟ್ರಲ್ ಅರ್ತಿಂಗ್ ನೋಡಿ.

## ಫೀಲ್ಡ್‌ನಿಂದ ಬಂದವು

ತಂತಿ ಹೊಲದಲ್ಲಿ ಬಿದ್ದಿದೆ, ಕಿಡಿ ಹಾರ್ತಿದೆ, ಫೀಡರ್ ಟ್ರಿಪ್ ಆಗಿಲ್ಲ. ರಿಲೇ ಕೆಟ್ಟಿದೆ ಅಲ್ವಾ ಸಾರ್?

ಬಹಳ ಸಲ ರಿಲೇ ಚೆನ್ನಾಗಿಯೇ ಇರುತ್ತದೆ. ಅದಕ್ಕೆ ಕಾಣುವಷ್ಟು ಕರೆಂಟೇ ಬಂದಿರುವುದಿಲ್ಲ.

ಮೇಲಿನ 593 ಬಂದದ್ದು ಗಟ್ಟಿ ಅರ್ತ್‌ಗೆ. ತಂತಿ ಮಣ್ಣಿನ ಮೇಲೆ ಬಿದ್ದರೆ ನಡುವೆ ಒಂದು ರೆಸಿಸ್ಟೆನ್ಸ್ ಬರುತ್ತದೆ. ಅದರಲ್ಲಿ ಹರಿಯುವುದು I0 ಅಲ್ಲ, ಅದರ ಮೂರು ಪಟ್ಟು. ಆದ್ದರಿಂದ ಸೀಕ್ವೆನ್ಸ್ ಸರ್ಕ್ಯೂಟ್‌ನಲ್ಲಿ ಅದನ್ನು 3Rf ಅಂತ ಬರೆಯಬೇಕು. 100 ಓಮ್ ಸಂಪರ್ಕ ಲೆಕ್ಕದಲ್ಲಿ 300 ಓಮ್. ಲೈನ್ ಮತ್ತು ಟ್ರಾನ್ಸ್‌ಫಾರ್ಮರ್ ಎಲ್ಲ ಸೇರಿದ 32 ಓಮ್ ಅದರ ಮುಂದೆ ಏನೂ ಅಲ್ಲ. ಫಾಲ್ಟ್ ಕರೆಂಟ್ 60 ಆಂಪ್ಸ್‌ಗೆ ಇಳಿಯುತ್ತದೆ. 500 ಓಮ್ ಆದರೆ ಬರೀ 12.5 ಆಂಪ್ಸ್. ಒಣ ಮರಳು, ಜಲ್ಲಿ, ಟಾರು ರಸ್ತೆ ಮೇಲೆ ಇನ್ನೂ ಕಮ್ಮಿ.

ಈ ಫೀಡರ್ ಹಗಲು 150 ಆಂಪ್ಸ್ ಲೋಡ್ ಹೊರುತ್ತದೆ, ಓವರ್ ಕರೆಂಟ್ ರಿಲೇ 200ಕ್ಕೆ ಸೆಟ್ ಆಗಿದೆ ಅನ್ನಿ. ಅದಕ್ಕೆ 60 ಆಂಪ್ಸ್ ಅಂದರೆ ಇನ್ನೆರಡು ಮೂರು ಊರಿನ ಪಂಪ್ ಶುರುವಾದ ಹಾಗೆ. ಅರ್ತ್ ಫಾಲ್ಟ್ ರಿಲೇ, ಅಂದರೆ `51N`, ನೋಡುವುದು ಬೇರೆಯದನ್ನು. ಮೂರು ಸಿಟಿಗಳ ಕರೆಂಟ್ ಕೂಡಿ ಬರುವ ಮೊತ್ತ ಅದಕ್ಕೆ ಹೋಗುತ್ತದೆ, ಆ ಮೊತ್ತವೇ 3I0. ನಮ್ಮ ಟಿಸಿಗಳ 11 ಕೆವಿ ಕಡೆ ಡೆಲ್ಟಾ ಇರುವುದರಿಂದ ಊರಿನ ಲೋಡ್ ಎಷ್ಟು ಓರೆಯಾಗಿದ್ದರೂ 11 ಕೆವಿಯಲ್ಲಿ ಝೀರೋ ಸೀಕ್ವೆನ್ಸ್ ಬರುವುದಿಲ್ಲ. ಒಂದು ಫೇಸ್‌ಗೆ ಮನೆಗಳೆಲ್ಲ ಹಾಕಿದ್ದರೂ ಅಷ್ಟೇ. ಈ ಒಂದು ಕಾರಣಕ್ಕೇ ಅರ್ತ್ ಫಾಲ್ಟ್ ರಿಲೇಯನ್ನು ಲೋಡ್‌ಗಿಂತ ಎಷ್ಟೋ ಕೆಳಗೆ ಸೆಟ್ ಮಾಡಬಹುದು.

200/1 ಸಿಟಿಗೆ 20% ಇಟ್ಟರೆ 40 ಆಂಪ್ಸ್. ನಾರ್ಮಲ್ ಇನ್ವರ್ಸ್ ಕರ್ವ್, ಟೈಮ್ ಮಲ್ಟಿಪ್ಲೈಯರ್ 0.1 ಅಂದುಕೊಂಡರೆ 593ಕ್ಕೆ ಕಾಲು ಸೆಕೆಂಡ್‌ನಲ್ಲಿ ಟ್ರಿಪ್. 60ಕ್ಕೆ ಸುಮಾರು 1.7 ಸೆಕೆಂಡ್. 12.5ಕ್ಕೆ ಯಾವತ್ತೂ ಇಲ್ಲ. ತಂತಿ ಕುಣಿದು ಕಿಡಿ ಬಿಟ್ಟುಬಿಟ್ಟು ಹಾರುತ್ತಿದ್ದರೆ 60ಕ್ಕೂ ಖಾತ್ರಿ ಇಲ್ಲ, ನಡುನಡುವೆ ರಿಲೇ ರೀಸೆಟ್ ಆಗುತ್ತದೆ.

ಸೆಟ್ಟಿಂಗ್ ಇನ್ನೂ ಇಳಿಸಬಹುದಲ್ಲ ಅನ್ನುತ್ತಾರೆ. ಸ್ವಲ್ಪ ಮಟ್ಟಿಗೆ ಹೌದು. ಆದರೆ ಮೂರು ಸಿಟಿಗಳು ಕರಾರುವಾಕ್ಕಾಗಿ ಒಂದೇ ಥರ ಇರುವುದಿಲ್ಲ. ವಿದ್ಯುತ್ ಬಂದ ಕೂಡಲೇ ಟಿಸಿಗಳೆಲ್ಲ ಒಟ್ಟಿಗೆ ಮ್ಯಾಗ್ನೆಟೈಸ್ ಆಗುವಾಗ ಒಂದು ಸಿಟಿ ಸ್ಯಾಚುರೇಟ್ ಆದರೆ ಇಲ್ಲದ 3I0 ಕಾಣಿಸಿಕೊಳ್ಳುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, 40ರಿಂದ 20ಕ್ಕೆ ಇಳಿಸಿ, ಸಮಯ ಸ್ವಲ್ಪ ಹೆಚ್ಚಿಸುವುದು ಒಳ್ಳೆಯದು. ಐದಕ್ಕೆ ಇಳಿಸಬೇಕಾದರೆ ಮೂರು ತಂತಿಯನ್ನೂ ಒಟ್ಟಿಗೆ ಸುತ್ತುವ ಒಂದೇ ಕೋರ್‌ನ ಸಿಟಿ ಬೇಕು. ಅದೂ ಟಾರು ರಸ್ತೆ ಮೇಲೆ ಬಿದ್ದ ತಂತಿಯನ್ನು ಹಿಡಿದೇ ಹಿಡಿಯುತ್ತದೆ ಅನ್ನಲಾಗದು. ಲೈನ್‌ಮನ್‌ಗಳಿಗೆ ಹೇಳುವುದು ಇಷ್ಟೇ: ಟ್ರಿಪ್ ಆಗಿಲ್ಲ ಅಂದರೆ ತಂತಿಯಲ್ಲಿ ಕರೆಂಟ್ ಇದೆ ಅಂತಲೇ ಅರ್ಥ.

ತಂತಿ ತುಂಡಾಗಿ ಸ್ಟೇಷನ್ ಕಡೆ ತುದಿ ಕಂಬದಲ್ಲೇ ನೇತಾಡ್ತಿತ್ತು. ಆಚೆ ಕಡೆ ತುದಿ ನೆಲದಲ್ಲಿತ್ತು. ಅದರಲ್ಲಿ ಕರೆಂಟ್ ಇರಲ್ಲ ಅಲ್ವಾ?

ಇರುತ್ತದೆ. ಎಮ್ಮೆ, ದನ ಸಾಯುವುದು ಇಂಥ ಕಡೆಯೇ.

ಆಚೆ ಕಡೆ ಟಿಸಿಗೆ ವೈ, ಬಿ ಎರಡೂ ಇನ್ನೂ ಬರುತ್ತಿವೆ. ಡೆಲ್ಟಾದ ಎರಡು ವೈಂಡಿಂಗ್‌ಗಳು ಈಗ ವೈ ಮತ್ತು ಬಿ ನಡುವೆ ಸೀರೀಸ್‌ನಲ್ಲಿ ಕೂತಿವೆ. ಅವುಗಳ ನಡುಬಿಂದುವೇ ಆ ಆರ್ ತಂತಿ. ಎರಡರಲ್ಲೂ ಲೋಡ್ ಸಮ ಇದ್ದರೆ ಅದರ ವೋಲ್ಟೇಜ್ ಫೇಸ್ ವೋಲ್ಟೇಜ್‌ನ ಅರ್ಧ, ಅಂದರೆ ಸುಮಾರು 3.2 ಕೆವಿ. ಪಂಪ್ ಮೋಟರ್‌ಗಳು ಎರಡು ಫೇಸ್‌ನಲ್ಲೇ ಓಡುತ್ತಿದ್ದರೆ ಅವು ಸತ್ತ ಫೇಸ್‌ನಲ್ಲೂ ವೋಲ್ಟೇಜ್ ಹುಟ್ಟಿಸುತ್ತವೆ, ಆಗ ಇನ್ನೂ ಜಾಸ್ತಿ.

ರಿಲೇಗೆ ಇದು ಕಾಣುತ್ತದಾ? ಆ ಕವಲಿನಲ್ಲಿ 20 ಆಂಪ್ಸ್ ಲೋಡ್ ಇತ್ತು ಅನ್ನಿ. ಆ ಲೋಡ್ ಮೂಲಕವೇ ಕರೆಂಟ್ ಸುತ್ತಿಬರಬೇಕು. ತಂತಿ ನೆಲಕ್ಕೆ ಗಟ್ಟಿಯಾಗಿ ತಾಗಿದರೂ ಮೋಟರ್ ಇಲ್ಲದ ಸಾದಾ ಲೋಡ್‌ಗೆ 6.7 ಆಂಪ್ಸ್‌ಗಿಂತ ಜಾಸ್ತಿ ಹರಿಯದು. 40 ಆಂಪ್ಸ್ ಸೆಟ್ಟಿಂಗ್‌ಗೆ ಅದು ಲೆಕ್ಕಕ್ಕೇ ಇಲ್ಲ.

ಇಲ್ಲಿ ನೆಗೆಟಿವ್ ಸೀಕ್ವೆನ್ಸ್ ಸ್ವಲ್ಪ ಸಹಾಯ ಮಾಡುತ್ತದೆ. ಹೊಸ ರಿಲೇಗಳಲ್ಲಿ I2/I1 ಅನುಪಾತ ನೋಡುವ ಬ್ರೋಕನ್ ಕಂಡಕ್ಟರ್ ಅನ್ನುವ ಫಂಕ್ಷನ್ ಇದೆ. ಸ್ಟೇಷನ್ ಬಾಗಿಲಲ್ಲೇ ತಂತಿ ಕಡಿದರೆ ಉಳಿದ ಎರಡು ಫೇಸ್‌ನ ಕರೆಂಟ್ ಸಮ ಮತ್ತು ವಿರುದ್ಧ, I1 ಮತ್ತು I2 ಸಮ, ಅನುಪಾತ 100%. 20%ಗೆ ಇಟ್ಟ ಸೆಟ್ಟಿಂಗ್ ಸುಲಭವಾಗಿ ಹಿಡಿಯುತ್ತದೆ. ಆದರೆ 150ರಲ್ಲಿ 20 ಆಂಪ್ಸ್ ಹೊರುವ ಕವಲು ಕಡಿದರೆ ಆ ಕವಲಿನಿಂದ I1 10 ಆಂಪ್ಸ್, I2 10 ಆಂಪ್ಸ್ ಬರುತ್ತದೆ. ಉಳಿದ ಫೀಡರ್‌ನ 130 ಸೇರಿದಾಗ 140ರಲ್ಲಿ 10, ಅಂದರೆ 7%. ರಿಲೇ ಸುಮ್ಮನಿರುತ್ತದೆ. ಟಿಸಿ ಕೆಳಗಿನ ಊರಿನವರಿಗೆ ಮಾತ್ರ ಮೊದಲೇ ಗೊತ್ತಾಗಿರುತ್ತದೆ: ಒಂದು ಫೇಸ್‌ನ ಮನೆಗಳಲ್ಲಿ ಬಲ್ಬು ಸರಿಯಾಗಿ, ಉಳಿದೆರಡರಲ್ಲಿ ಅರ್ಧಂಬರ್ಧ. ಹಾಗಂತ ಫೋನ್ ಬಂದರೆ ಫ್ಯೂಸ್ ಹೋಗಿರಬಹುದು ಅಂತ ಸುಮ್ಮನಾಗದೆ, ಮೊದಲು ಫೀಡರ್ ಆಫ್ ಮಾಡಿಸಿ ಲೈನ್ ನಡೆದು ನೋಡಿ.

11 ಕೆವಿಯಲ್ಲಿ ಒಂದು ಫೇಸ್ ಅರ್ತ್ ಆಯ್ತು. 66 ಕೆವಿ ರಿಲೇ ಎರಡು ಫೇಸ್ ತೋರಿಸ್ತು. ವೈರಿಂಗ್ ತಪ್ಪಾ?

ವೈರಿಂಗ್ ಸರಿಯಿದೆ. ಡೆಲ್ಟಾ ಝೀರೋ ಸೀಕ್ವೆನ್ಸನ್ನು ಒಳಗೇ ಸುತ್ತಿಸಿಕೊಳ್ಳುತ್ತದೆ, ಹೊರಗಿನ ಲೈನ್‌ಗೆ ಬಿಡುವುದಿಲ್ಲ. ಪಾಸಿಟಿವ್, ನೆಗೆಟಿವ್ ಎರಡೂ ದಾಟುತ್ತವೆ, ಆದರೆ ಒಂದು 30 ಡಿಗ್ರಿ ಮುಂದಕ್ಕೆ, ಇನ್ನೊಂದು 30 ಡಿಗ್ರಿ ಹಿಂದಕ್ಕೆ ತಿರುಗಿ. 198 ಆಂಪ್ಸ್ 66 ಕೆವಿಯಲ್ಲಿ ಆರನೇ ಒಂದು ಭಾಗ, 33 ಆಂಪ್ಸ್. ಎರಡು 33ಗಳನ್ನು ಈ ತಿರುವಿನೊಂದಿಗೆ ಕೂಡಿದರೆ ಒಂದು ಫೇಸ್‌ನಲ್ಲಿ ಸೊನ್ನೆ, ಉಳಿದೆರಡರಲ್ಲಿ ತಲಾ 57 ಆಂಪ್ಸ್, ಎದುರುಬದುರು. ನೋಡಿದವರಿಗೆ ಎರಡು ಫೇಸ್ ಬಡಿದ ಹಾಗೇ ಕಾಣುತ್ತದೆ. ಅದೇ ಕಾರಣಕ್ಕೆ 66 ಕೆವಿಯ ಅರ್ತ್ ಫಾಲ್ಟ್ ರಿಲೇಗೆ 11 ಕೆವಿಯ ಅರ್ತ್ ಫಾಲ್ಟ್ ಕಾಣುವುದೇ ಇಲ್ಲ.

ಹೊಸ ರಿಲೇ ಹಾಕಿದ ದಿನ ಲೋಡ್‌ನಲ್ಲೇ I2, I0 ಜಾಸ್ತಿ ತೋರಿಸ್ತಿದೆ. ಫಾಲ್ಟ್ ಏನೂ ಇಲ್ಲ.

ಸ್ಕ್ರೀನ್‌ನ ಮೂರು ಅಂಕಿ ಓದಿದರೆ ತಪ್ಪು ಎಲ್ಲಿದೆ ಅಂತ ಅಲ್ಲೇ ಗೊತ್ತಾಗುತ್ತದೆ. 150 ಆಂಪ್ಸ್ ಸಮ ಲೋಡ್ ಇರುವಾಗ I1 ಸೊನ್ನೆ, I2 150 ಅಂತ ಬಂದರೆ ಎರಡು ಫೇಸ್‌ನ ವೈರ್ ಅದಲುಬದಲಾಗಿದೆ. I1 50, I2 100, I0 100 ಅಂತ ಬಂದರೆ ಒಂದು ಸಿಟಿ ಉಲ್ಟಾ ಪೊಲಾರಿಟಿಯಲ್ಲಿದೆ. ಮೂರೂ ತಲಾ ಫೇಸ್ ಕರೆಂಟ್‌ನ ಮೂರನೇ ಒಂದು ಭಾಗ, 50ರಂತೆ ಬಂದರೆ ಎರಡು ಫೇಸ್ ರಿಲೇಗೆ ತಲುಪುತ್ತಲೇ ಇಲ್ಲ. ಇಂಥದ್ದು ಕಂಡರೆ ಸಿಟಿಯ ಸೆಕೆಂಡರಿಯನ್ನು ಲೋಡ್ ಮೇಲೆ ಬಿಚ್ಚಲು ಹೋಗಬೇಡಿ. ಮೊದಲು ಶಾರ್ಟಿಂಗ್ ಲಿಂಕ್ ಹಾಕಿ.

ಪಾವಗಡದ ಸೋಲಾರ್ ಪಾರ್ಕ್ ಕಡೆ ಈ ಲೆಕ್ಕ ಹಾಗೇ ನಡೆಯುತ್ತಾ?

ಲೈನ್, ಟ್ರಾನ್ಸ್‌ಫಾರ್ಮರ್‌ಗಳಿಗೆ ಹಾಗೇ ನಡೆಯುತ್ತದೆ. ಇನ್ವರ್ಟರ್‌ಗೆ ನಡೆಯುವುದಿಲ್ಲ. ತಿರುಗುವ ಜನರೇಟರ್ ಫಾಲ್ಟ್ ಆದಾಗ ಒಂದು ವೋಲ್ಟೇಜ್ ಮತ್ತು ಅದರ ಹಿಂದೆ ಒಂದು ಇಂಪೀಡೆನ್ಸ್ ಇದ್ದಂತೆ ವರ್ತಿಸುತ್ತದೆ, ಅದಕ್ಕೇ Z1, Z2 ಅಂತ ಅಂಕಿ ಬರೆಯಬಹುದು. ಇನ್ವರ್ಟರ್ ಕರೆಂಟನ್ನು ತನ್ನ ರೇಟಿಂಗ್‌ಗಿಂತ ಸ್ವಲ್ಪವೇ ಮೇಲೆ, ಸಾಮಾನ್ಯವಾಗಿ 1.1ರಿಂದ 1.2 ಪಟ್ಟಿಗೆ, ಕಂಟ್ರೋಲ್ ಮೂಲಕ ಹಿಡಿದಿಡುತ್ತದೆ. ನೆಗೆಟಿವ್ ಸೀಕ್ವೆನ್ಸ್ ಕರೆಂಟ್ ಎಷ್ಟು ಬಿಡಬೇಕು, ಯಾವ ಕೋನದಲ್ಲಿ ಅನ್ನುವುದನ್ನೂ ಅದರ ಸಾಫ್ಟ್‌ವೇರ್ ನಿರ್ಧರಿಸುತ್ತದೆ. ಕೆಲವು ಅದನ್ನು ಪೂರ್ತಿ ಅದುಮಿಬಿಡುತ್ತವೆ. ಹಾಗಾಗಿ I2 ನೋಡಿ ಫಾಲ್ಟ್ ಯಾವ ದಿಕ್ಕಿಗೆ ಅಂತ ಹೇಳುವ ರಿಲೇಗಳು, ಸೋಲಾರ್ ಮಾತ್ರವೇ ಸೋರ್ಸ್ ಆಗಿರುವ ಕಡೆ, ತಪ್ಪು ದಿಕ್ಕು ತೋರಿಸಬಹುದು.

ಝೀರೋ ಸೀಕ್ವೆನ್ಸ್ ಮಾತ್ರ ಅಲ್ಲೂ ನಂಬಬಹುದಾದದ್ದು. ಅದು ಇನ್ವರ್ಟರ್‌ನಿಂದ ಬರುವುದಿಲ್ಲ, ಪಾರ್ಕ್‌ನ ದೊಡ್ಡ ಟ್ರಾನ್ಸ್‌ಫಾರ್ಮರ್‌ನ ಅರ್ತ್ ಆದ ಸ್ಟಾರ್ ವೈಂಡಿಂಗ್‌ನಿಂದ ಬರುತ್ತದೆ. ಆದ್ದರಿಂದ ಅಂಥ ಲೈನ್‌ಗಳಲ್ಲಿ ಅರ್ತ್ ಫಾಲ್ಟ್‌ನ ದಿಕ್ಕನ್ನು I2 ಬಿಟ್ಟು V0, I0 ಮೇಲೆ ಸೆಟ್ ಮಾಡುವುದು ವಾಸಿ. ಎರಡು ಫೇಸ್ ಬಡಿದರೆ ಝೀರೋ ಸೀಕ್ವೆನ್ಸ್ ಇರುವುದಿಲ್ಲವಲ್ಲ, ಆಗ ಏನು ಅಂತ ಕೇಳಿದರೆ, ಎರಡೂ ತುದಿಯ ಕರೆಂಟ್ ಹೋಲಿಸುವ ಲೈನ್ ಡಿಫರೆನ್ಷಿಯಲ್ ಹಾಕಬೇಕು.